ಇಂಟರ್‌ವ್ಯೂ ಕೊಟ್ಟವರಿಗೆ "ಇಲ್ಲ" ಅಂತ ಬರೆಯೋದು: ಒಂದು ಮೇಲ್‌ನ ಪೂರ್ತಿ ಪ್ರಕರಣ

ನಾನು ಕೆಲಸ ಮಾಡೋದು ದಾವಣಗೆರೆಯ ಒಂದು ಸಣ್ಣ ಕಂಪನೀಲಿ, ಪತ್ತಿನ ಸಹಕಾರ ಸಂಘಗಳಿಗೆ ಬೇಕಾದ ಅಕೌಂಟಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ, ಜನ ತಗೊಳ್ಳೋದ್ರಿಂದ ಹಿಡಿದು ಸಂಬಳದ ಶೀಟ್ ತನಕ ನನ್ನ ಟೇಬಲ್‌ಗೇ ಬರುತ್ತೆ. ಕಳೆದ ಸಲ ಸಪೋರ್ಟ್‌ಗೆ ಒಬ್ಬರನ್ನ ತಗೋಬೇಕಿತ್ತು. ಒಂದೇ ಪೋಸ್ಟು. ಕೊನೇ ರೌಂಡಿಗೆ ನಾಲ್ಕು ಜನ ಬಂದಿದ್ರು, ಅದ್ರಲ್ಲಿ ಎರಡನೇ ಸ್ಥಾನದಲ್ಲಿ ಉಳಿದವರು ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು. ಅವರಿಗೆ ಹೋದ ಮೇಲ್ ಹೇಗೆ ತಯಾರಾಯ್ತು, ಮೊದಲ ಡ್ರಾಫ್ಟ್‌ನಲ್ಲಿ ಏನು ಕೆಟ್ಟದಿತ್ತು, ಯಾವ ಸಾಲು ಯಾಕೆ ಉಳೀತು ಯಾಕೆ ಹೋಯ್ತು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ಗುರುತು ಸಿಗೋ ವಿವರ ತೆಗೆದಿದ್ದೀನಿ, ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ಮೊದಲು ಆ ಇಂಟರ್‌ವ್ಯೂ ಏನು ಅಂತ ಹೇಳಲೇಬೇಕು, ಯಾಕಂದ್ರೆ ಫೀಡ್‌ಬ್ಯಾಕ್ ಹುಟ್ಟೋದು ಅಲ್ಲೇ, ಮೇಲ್ ಬರೆಯೋಕೆ ಕೂತಾಗ ಅಲ್ಲ.

ಇಂಟರ್‌ವ್ಯೂನಲ್ಲಿ ನಡೆದದ್ದು

ನಮ್ಮ ಗ್ರಾಹಕರು ಸಂಘದ ಕ್ಲರ್ಕ್‌ಗಳು, ಕಾರ್ಯದರ್ಶಿಗಳು. ಫೋನ್ ಬರೋದು ಹೆಚ್ಚಾಗಿ ಸಂಜೆ, ಡೇ ಎಂಡ್ ಮಾಡೋ ಹೊತ್ತಿಗೆ. ಹಾಗಾಗಿ ನಾವು ಪ್ರಶ್ನೆ ಪತ್ರಿಕೆ ಕೊಡಲ್ಲ, ಒಂದು ಸುಳ್ಳು ಕಾಲ್ ಮಾಡ್ತೀವಿ. ನಮ್ಮ ಸಪೋರ್ಟ್ ಲೀಡ್ ಪಕ್ಕದ ರೂಮಿಂದ ಕ್ಲರ್ಕ್ ಥರ ಫೋನ್ ಮಾಡಿ "ಮೇಡಂ, ಕ್ಯಾಶ್ ಟ್ಯಾಲಿ ಆಗ್ತಿಲ್ಲ, ಸಿಸ್ಟಮ್‌ನಲ್ಲಿ 4,500 ಜಾಸ್ತಿ ತೋರಿಸ್ತಿದೆ, ಡ್ರಾದಲ್ಲಿ ಅಷ್ಟು ಇಲ್ಲ" ಅಂತಾರೆ. ಅಭ್ಯರ್ಥಿ ಎದುರಿಗೆ ಡೆಮೋ ಡೇಟಾ ಇರೋ ಸ್ಕ್ರೀನ್ ಇರುತ್ತೆ.

ಕಾರಣ ನಾವೇ ಇಟ್ಟಿದ್ದು ಏನಂದ್ರೆ, ಪಿಗ್ಮಿ ಏಜೆಂಟ್ ಬೆಳಿಗ್ಗೆ 4,500 ರೂಪಾಯಿ ತಂದು ಕಟ್ಟಿದ್ದಾರೆ, ಕ್ಲರ್ಕ್ ಅದನ್ನ ಇವತ್ತಿನ ತಾರೀಖಿಗೆ ಎಂಟ್ರಿ ಹಾಕಿದ್ದಾರೆ. ಅದು ಗೊತ್ತಿಲ್ಲದೆ ಕಾರ್ಯದರ್ಶಿ ತಮ್ಮ ಲಾಗಿನ್‌ನಿಂದ ನಿನ್ನೆಯ ತಾರೀಖು ಓಪನ್ ಮಾಡಿ ಅದೇ ಹಣವನ್ನ ಇನ್ನೊಂದ್ಸಲ ಹಾಕಿದ್ದಾರೆ. ಹಾಗಾಗಿ ನಿನ್ನೆಯ ಕ್ಲೋಸಿಂಗ್ ಬದಲಾಗಿದೆ, ಇವತ್ತಿನ ಓಪನಿಂಗ್ 4,500 ಜಾಸ್ತಿಯಾಗಿದೆ. ಕ್ಲರ್ಕ್ ರಾತ್ರಿ ಕೈಬರಹದಲ್ಲಿ ಬರ್ಕೊಂಡ ಕ್ಲೋಸಿಂಗ್ ಬ್ಯಾಲೆನ್ಸ್ ಎಷ್ಟು, ಇವತ್ತು ಸಿಸ್ಟಮ್ ತೋರಿಸೋ ಓಪನಿಂಗ್ ಎಷ್ಟು ಅಂತ ಕೇಳಿದ್ರೆ ಒಂದೇ ನಿಮಿಷದಲ್ಲಿ ಸಿಗುತ್ತೆ. ಇವತ್ತಿನ ವೋಚರ್‌ಗಳಲ್ಲಿ ಹುಡುಕಿದ್ರೆ ಎಷ್ಟು ಹುಡುಕಿದ್ರೂ ಸಿಗಲ್ಲ, ಯಾಕಂದ್ರೆ ಇವತ್ತಿನ ಎಂಟ್ರಿಗಳೆಲ್ಲ ಸರಿಯಾಗೇ ಇವೆ.

ಹಾವೇರಿಯ ಈ ಅಭ್ಯರ್ಥಿ ಏನು ಮಾಡಿದ್ರು ಅಂದ್ರೆ, 4,500 ಅನ್ನೋ ಸಂಖ್ಯೆ ಕೇಳಿದ ತಕ್ಷಣ "ಇದು ಒಂಬತ್ತರಿಂದ ಭಾಗ ಹೋಗುತ್ತೆ, ಅಂಕಿ ಹಿಂದೆಮುಂದೆ ಆಗಿರಬಹುದು" ಅಂದ್ರು. ನಿಜವಾಗ್ಲೂ ಇದು ಅನುಭವ ಇರೋರ ಮಾತು. 7,200 ಹಾಕೋ ಕಡೆ 2,700 ಹಾಕಿದ್ರೆ ವ್ಯತ್ಯಾಸ ಸರಿಯಾಗಿ 4,500 ಬರುತ್ತೆ, ಪಕ್ಕಪಕ್ಕದ ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗ್ಲೂ ಒಂಬತ್ತರಿಂದ ಭಾಗ ಹೋಗುತ್ತೆ. ಆವತ್ತಿನ ಡೇಟಾದಲ್ಲಿ 2,700ರ ಒಂದು ಪೇಮೆಂಟ್ ವೋಚರ್ ಇತ್ತು ಕೂಡ. ಇವರು ಅದನ್ನ ಹಿಡಿದು "ಇದು 7,200 ಇರಬೇಕು, ಈ ವೋಚರ್ ಕ್ಯಾನ್ಸಲ್ ಮಾಡಿ ಮತ್ತೆ ಹಾಕಿ ನೋಡೋಣ" ಅಂದ್ಬಿಟ್ರು. ಕಾಗದದ ವೋಚರ್ ತೆಗೆದು ನೋಡಿ ಅಂತ ಕ್ಲರ್ಕ್‌ಗೆ ಹೇಳ್ಲಿಲ್ಲ. ನಿಜವಾದ ಸಂಘದಲ್ಲಿ ಹಾಗೆ ಕ್ಯಾನ್ಸಲ್ ಮಾಡಿದ್ರೆ ಆ ಸದಸ್ಯರ ಖಾತೆ ಬ್ಯಾಲೆನ್ಸ್ ಬದಲಾಗುತ್ತೆ, ಅವರ ಮೊಬೈಲ್‌ಗೆ ಎಸ್ಸೆಮ್ಮೆಸ್ ಹೋಗುತ್ತೆ, ಅರ್ಧ ಗಂಟೇಲಿ ಆ ಸದಸ್ಯರು ಸಂಘದ ಬಾಗಿಲಲ್ಲಿ ಇರ್ತಾರೆ. ಅದು ಸರಿಯಲ್ಲ ಅಂತ ಗೊತ್ತಾದ ಮೇಲೆ ಇವರು ಮತ್ತೆ ಇವತ್ತಿನ ವೋಚರ್‌ಗಳನ್ನೇ ಒಂದೊಂದಾಗಿ ನೋಡ್ತಾ ಹೋದ್ರು, ನಡುವೆ ಸುಮಾರು ಹೊತ್ತು ಮಾತೇ ಇಲ್ಲ, ಟೈಮ್ ಮುಗೀತು.

ಆಮೇಲೆ ಎರಡನೇ ಕೆಲಸ, ಏನಾಗಿತ್ತು ಅಂತ ನಾವೇ ಹೇಳಿ, ಅದನ್ನ ಸಂಘದ ಕಾರ್ಯದರ್ಶಿಗೆ ಅರ್ಥ ಆಗೋ ಹಾಗೆ ಒಂದು ಮೆಸೇಜ್ ಬರೆದುಕೊಡಿ ಅಂದ್ವಿ. ಇವರು ಬರೆದದ್ದು ನಾಲ್ಕೇ ಸಾಲು. ಎಂಟ್ರಿ ಎರಡು ಸಲ ಆಗಿದೆ, ಯಾವ ತಾರೀಖಿನದು ಉಳೀಬೇಕು, ಯಾವುದು ತೆಗೀಬೇಕು, ತೆಗೆಯೋ ಮೊದಲು ಏಜೆಂಟ್ ರಸೀದಿ ನೋಡಿ. ಕಾರ್ಯದರ್ಶಿಯದ್ದೇ ತಪ್ಪು ಅಂತ ಎಲ್ಲೂ ಬರೆಯದೇನೇ ತಪ್ಪು ಏನು ಅಂತ ಅವರಿಗೆ ಗೊತ್ತಾಗೋ ಹಾಗೆ ಬರೆದಿದ್ರು. ನಾಲ್ಕು ಜನರಲ್ಲಿ ಅತಿ ಚೆನ್ನಾಗಿದ್ದ ಮೆಸೇಜ್ ಅದು.

ಆಯ್ಕೆ ಆದವರು ಕಾಲ್‌ನಲ್ಲಿ ಮೂರನೇ ಪ್ರಶ್ನೆಗೇ "ನಿನ್ನೆ ಕ್ಲೋಸಿಂಗ್ ಎಷ್ಟು ಬರ್ಕೊಂಡಿದ್ದೀರಿ" ಅಂತ ಕೇಳಿದ್ರು. ನಿರ್ಧಾರ ಆಗಿದ್ದು ಕಾಲ್ ಟೆಸ್ಟ್ ಮೇಲೇ.

ನೋಟ್ಸ್‌ನಲ್ಲಿ ಇದ್ದದ್ದು ಬೇರೆ

ಪ್ಯಾನೆಲ್‌ನಲ್ಲಿ ಮೂರು ಜನ ಇದ್ರು, ಸಪೋರ್ಟ್ ಲೀಡ್, ಸಂಘಗಳಿಗೆ ಹೋಗಿ ಸಾಫ್ಟ್‌ವೇರ್ ಕೂರಿಸಿ ಟ್ರೈನಿಂಗ್ ಕೊಟ್ಟು ಬರೋ ಒಬ್ಬರು, ಮತ್ತೆ ನಮ್ಮ ಓನರ್ ಸರ್. ಅವರ ಶೀಟ್ ನನ್ನ ಕೈಗೆ ಬಂದಾಗ ಇವರ ಹೆಸರಿನ ಮುಂದೆ ಇದ್ದದ್ದು ಇಷ್ಟು: "ಕಮ್ಯುನಿಕೇಶನ್ ವೀಕ್." "ಮಾತು ಸ್ವಲ್ಪ ಒರಟು." "ಕಾನ್ಫಿಡೆನ್ಸ್ ಸಾಲದು." ಕೊನೇಲಿ ಪೆನ್ಸಿಲ್‌ನಲ್ಲಿ "ಮದುವೆ ಆದ್ಮೇಲೆ ಟೂರ್?" ಅಂತ, ಅಂದ್ರೆ ಮದುವೆ ಆದ್ರೆ ಕೆಲಸಕ್ಕೆ ಊರೂರು ಸುತ್ತೋಕೆ ಬರ್ತಾರಾ ಅನ್ನೋ ಅನುಮಾನ.

ಮೇಲೆ ಹೇಳಿದ 4,500ರ ಕಥೆ ಒಂದೂ ಆ ಹಾಳೇಲಿ ಇಲ್ಲ. ನೀವು ಇದೇ ಹಾಳೆ ಹಿಡ್ಕೊಂಡು ಮೇಲ್ ಬರೆಯೋಕೆ ಕೂತ್ರೆ ಏನು ಬರೀತೀರಿ? "ನಿಮ್ಮ ಸಂವಹನ ಕೌಶಲ್ಯ ಸುಧಾರಿಸಿಕೊಳ್ಳಿ" ಅಂತ ಬರೀತೀರಿ, ಬೇರೆ ಏನೂ ಬರೆಯೋಕೆ ಆಗಲ್ಲ. ಅದನ್ನ ಓದಿದವರು ಮಾರನೇ ದಿನ ಬೆಳಿಗ್ಗೆ ಎದ್ದು ಮಾಡೋದಾದ್ರೂ ಏನು? ಕನ್ನಡ ಮೀಡಿಯಂನಲ್ಲಿ ಓದಿದವರಾದ್ರೆ "ನನ್ನ ಇಂಗ್ಲಿಷ್ ಸರಿ ಇಲ್ಲ" ಅಂತ ತಿಳ್ಕೊಂಡು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿ ದುಡ್ಡು ಕಟ್ತಾರೆ, ನಮ್ಮ ಕೆಲಸಕ್ಕೆ ಇಂಗ್ಲಿಷ್ ಬೇಕಾಗೇ ಇಲ್ಲ.

ಹಾಗಾಗಿ ಮೂವರನ್ನೂ ಕೂರಿಸ್ಕೊಂಡು ಒಂದೊಂದು ಮಾತಿಗೂ ಒಂದೇ ಪ್ರಶ್ನೆ ಕೇಳ್ದೆ, "ಅವರು ಏನು ಮಾಡಿದ್ದನ್ನ ನೋಡಿ ಹೀಗೆ ಬರೆದ್ರಿ?"

"ಕಮ್ಯುನಿಕೇಶನ್ ವೀಕ್" ಅಂತ ಬರೆದಿದ್ದು ಸಪೋರ್ಟ್ ಲೀಡ್. ಕೆದಕಿದಾಗ ಅವರು ಹೇಳಿದ್ದು, "ಮೇಡಂ, ಕಾಲ್ ಮಧ್ಯ ಸುಮ್ಮನಾಗ್ಬಿಟ್ರು, ನಾನು ಲೈನ್‌ನಲ್ಲೇ ಹಲೋ ಹಲೋ ಅಂತಿದ್ದೆ." ಸರಿ, ಇದು ಕಂಡದ್ದು. ಆದ್ರೆ ಯಾಕೆ ಸುಮ್ಮನಾದ್ರು? ಸಿಗದೇ ಇರೋ ಕಡೆ ಹುಡುಕ್ತಿದ್ರು. ಓಪನಿಂಗ್ ಬ್ಯಾಲೆನ್ಸ್ ಮೊದಲೇ ಕೇಳಿದ್ರೆ ಆ ಮೌನ ಬರ್ತಾನೇ ಇರ್ಲಿಲ್ಲ. ಅಂದ್ರೆ ಕೊರತೆ ಮಾತಿನದ್ದಲ್ಲ, ಹುಡುಕೋ ಕ್ರಮದ್ದು. ಅದೇ ಮನುಷ್ಯರು ನಾಲ್ಕು ಸಾಲಲ್ಲಿ ಅಷ್ಟು ಚೆನ್ನಾಗಿ ಬರೆದುಕೊಟ್ಟಿದ್ದಾರೆ, ಅವರಿಗೆ ಸಂವಹನ ಬರಲ್ಲ ಅಂತ ಹೇಗೆ ಹೇಳೋದು!

"ಮಾತು ಒರಟು" ಅನ್ನೋದು ಇನ್ನೂ ಬೇಸರ ತರಿಸ್ತು. ಬರೆದವರು ಮೈಸೂರು ಕಡೆಯವರು, ಇವರು ಹಾವೇರಿಯವರು. "ಹೇಳ್ರಿ", "ನೋಡ್ರಿ", "ಹೌದಲ್ರಿ" ಅನ್ನೋ ಉತ್ತರ ಕರ್ನಾಟಕದ ಮಾತು ಅವರ ಕಿವಿಗೆ ಒರಟಾಗಿ ಕೇಳ್ಸಿದೆ, ಅಷ್ಟೇ. ನಮ್ಮ ಗ್ರಾಹಕ ಸಂಘಗಳಲ್ಲಿ ಅರ್ಧಕ್ಕೂ ಜಾಸ್ತಿ ಹಾವೇರಿ, ಗದಗ, ಧಾರವಾಡ ಕಡೇವೇ ಇರೋದು, ಅಲ್ಲಿ ಕ್ಲರ್ಕ್‌ಗಳು ಮಾತಾಡೋದೇ ಹಾಗೆ. ಇದನ್ನ ಹೇಳಿದ ಮೇಲೆ ಅವರೂ ಒಪ್ಕೊಂಡು ಆ ಸಾಲು ಹೊಡೆದುಹಾಕಿದ್ರು. ಊರಿನ ಮಾತು, ದನಿ, ಉಡುಗೆ, ಇವು ಯಾವುದೂ ಫೀಡ್‌ಬ್ಯಾಕ್ ಆಗಲ್ಲ, ಆಗಬಾರದು.

ಪೆನ್ಸಿಲ್‌ನ ಸಾಲಿನ ವಿಷಯ ಹೆಚ್ಚು ಗಂಭೀರ. ಹೆಣ್ಣು ಅನ್ನೋ ಕಾರಣಕ್ಕೆ ನೇಮಕಾತೀಲಿ ಭೇದ ಮಾಡೋ ಹಾಗಿಲ್ಲ ಅಂತ 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯಲ್ಲೂ ಅದು ಬಂದಿದೆ. ಅದು ಖಾಸಗಿಯವರಿಗೂ ಅನ್ವಯ. ಆ ಕಾರಣ ನಿರ್ಧಾರದ ಒಳಗೆ ಸೇರ್ಕೊಂಡಿದ್ರೆ ನಾನು ಮೇಲ್‌ನಲ್ಲಿ ಎಷ್ಟು ನಯವಾಗಿ ಬರೆದ್ರೂ ಅದು ಸುಳ್ಳು ಮೇಲ್. ಸರ್ ಹತ್ರ ನೇರವಾಗೇ ಕೇಳ್ದೆ, ಈ ಸಾಲು ಇಲ್ದೇ ಇದ್ದಿದ್ರೂ ನಿರ್ಧಾರ ಇದೇ ಇರ್ತಿತ್ತಾ ಅಂತ. ಇಬ್ಬರ ಕಾಲ್ ಟೆಸ್ಟ್ ಮತ್ತೆ ಪಕ್ಕಪಕ್ಕ ಇಟ್ಟು ನೋಡಿದ್ವಿ, ಮದುವೆ ಮಾತು ಪೂರ್ತಿ ಪಕ್ಕಕ್ಕಿಟ್ಟು. ಆಯ್ಕೆ ಅದೇ ನಿಂತ್ತು. ನಿಲ್ಲದೇ ಇದ್ದಿದ್ರೆ ಬದಲಾಗಬೇಕಿದ್ದದ್ದು ಆಯ್ಕೆ, ಮೇಲ್ ಅಲ್ಲ. ಫೀಡ್‌ಬ್ಯಾಕ್ ಬರೀಬೇಕು ಅಂತ ಕೂತಾಗ ಆಗೋ ದೊಡ್ಡ ಲಾಭ ಇದೇ ಅನ್ಸುತ್ತೆ ನನಗೆ, ಎದುರಿನವರ ಮುಖಕ್ಕೆ ಹೇಳೋಕಾಗದ ಕಾರಣ ಯಾವುದಾದ್ರೂ ಇದ್ರೆ ಇಲ್ಲೇ ಸಿಕ್ಕಿಬೀಳುತ್ತೆ.

ಮೊದಲ ಡ್ರಾಫ್ಟು

ಸಪೋರ್ಟ್ ಲೀಡ್ ಒಳ್ಳೇ ಮನಸ್ಸಿಂದ ತಾವೇ ಒಂದು ಡ್ರಾಫ್ಟ್ ಮಾಡಿ ಕಳ್ಸಿದ್ರು. ಹೀಗಿತ್ತು:

"ಆತ್ಮೀಯ ಅಭ್ಯರ್ಥಿಗಳೇ, ನಮ್ಮ ಸಂಸ್ಥೆಯಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮನ್ನು ಭೇಟಿಯಾಗಿದ್ದು ತುಂಬಾ ಸಂತೋಷ ತಂದಿತು. ಈ ಬಾರಿ ಬಹಳಷ್ಟು ಪ್ರತಿಭಾವಂತರು ಅರ್ಜಿ ಸಲ್ಲಿಸಿದ್ದರಿಂದ ಆಯ್ಕೆ ಅತ್ಯಂತ ಕಠಿಣವಾಗಿತ್ತು. ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ನಂತರ ಸದ್ಯಕ್ಕೆ ನಿಮ್ಮ ಅರ್ಜಿಯನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ನಿಮ್ಮ ಸಂವಹನ ಕೌಶಲ್ಯ ಹಾಗೂ ಆತ್ಮವಿಶ್ವಾಸವನ್ನು ಸ್ವಲ್ಪ ಸುಧಾರಿಸಿಕೊಂಡರೆ ಉಜ್ವಲ ಭವಿಷ್ಯವಿದೆ. ನಿಮ್ಮ ಬಯೋಡೇಟಾ ನಮ್ಮಲ್ಲಿ ಇರುತ್ತದೆ, ಮುಂದೆ ಅವಕಾಶ ಬಂದಾಗ ಖಂಡಿತ ಸಂಪರ್ಕಿಸುತ್ತೇವೆ."

ಕೆಟ್ಟ ಮಾತು ಒಂದೂ ಇಲ್ಲ, ಆದ್ರೂ ಓದಿದವರಿಗೆ ನೋವಾಗುತ್ತೆ. ವಿಷಯ ಬರೋದು ನಾಲ್ಕನೇ ವಾಕ್ಯದಲ್ಲಿ. ಮೊದಲ ಮೂರು ವಾಕ್ಯ ಓದೋವಾಗ ಕೆಲಸ ಸಿಕ್ಕೇಬಿಡ್ತು ಅನ್ನೋ ಆಸೆ ಏರ್ತಾ ಹೋಗುತ್ತೆ, ಆಮೇಲೆ ದಡ್ ಅಂತ ಬೀಳುತ್ತೆ. "ಅಭ್ಯರ್ಥಿಗಳೇ" ಅಂತ ಬಹುವಚನದಲ್ಲಿ ಕರೆದ ತಕ್ಷಣ ಇದು ಎಲ್ಲರಿಗೂ ಹೋದ ಮೇಲ್ ಅಂತ ಗೊತ್ತಾಗುತ್ತೆ, ಅವರು ಬಸ್ಸಲ್ಲಿ ಬಂದು ಅರ್ಧ ದಿನ ಕೂತು ಹೋದವರು.

"ಸದ್ಯಕ್ಕೆ" ಅನ್ನೋದು ಇರೋದ್ರಲ್ಲೇ ಹೆಚ್ಚು ತೊಂದರೆ ಕೊಡೋ ಪದ. ಬರೆದವರು ಮೆತ್ತಗೆ ಹೇಳ್ಬೇಕು ಅಂತ ಹಾಕಿರ್ತಾರೆ, ಓದೋರು "ಇನ್ನೂ ಪೂರ್ತಿ ಮುಗಿದಿಲ್ಲ" ಅಂತ ಓದ್ಕೋತಾರೆ, ಇನ್ನೊಂದು ಕಡೆಯ ಆಫರ್ ಕೈಯಲ್ಲಿದ್ರೆ ಅದನ್ನ ತಡೆಹಿಡಿದು ನಮ್ಮ ಫೋನ್‌ಗೆ ಕಾಯೋರೂ ಇದ್ದಾರೆ. "ಖಂಡಿತ ಸಂಪರ್ಕಿಸುತ್ತೇವೆ" ಅನ್ನೋದೂ ಹಾಗೇ, ನಾವು ಖಂಡಿತ ಸಂಪರ್ಕಿಸಲ್ಲ, ಯಾರೂ ಸಂಪರ್ಕಿಸಲ್ಲ, ಮುಂದಿನ ಪೋಸ್ಟ್ ಬಂದಾಗ ಹೊಸದಾಗಿ ಜಾಹೀರಾತೇ ಹಾಕೋದು. ಮಾಡದೇ ಇರೋದನ್ನ ಬರೆಯೋದು ಬೇಡ.

ಇನ್ನು "ಆತ್ಮವಿಶ್ವಾಸ ಸುಧಾರಿಸಿಕೊಳ್ಳಿ". ಕೆಲಸ ಸಿಗಲಿಲ್ಲ ಅಂತ ಹೇಳಿದ ಮುಂದಿನ ಸಾಲಲ್ಲೇ ಇದನ್ನ ಹೇಳೋದು ಎಷ್ಟು ಸರಿ? ಮನುಷ್ಯರ ಸ್ವಭಾವದ ಮೇಲೆ ತೀರ್ಪು ಕೊಟ್ಟ ಹಾಗಾಗುತ್ತೆ. ಒಂದು ಗಂಟೆ ನೋಡಿ ಸ್ವಭಾವದ ಬಗ್ಗೆ ಹೇಳೋಕೆ ನಾವ್ಯಾರು. ಅವರು ಒಂದು ಕಾಲ್‌ನಲ್ಲಿ ಏನು ಮಾಡಿದ್ರು ಅಂತ ಮಾತ್ರ ನಾವು ಹೇಳಬಹುದು.

ಯಾವಾಗ ಕಳಿಸೋದು, ಫೋನಾ ಮೇಲಾ

ಇಂಟರ್‌ವ್ಯೂ ಬುಧವಾರ ಆಗಿತ್ತು, "ಬರೋ ವಾರ ಶುಕ್ರವಾರದ ಒಳಗೆ ಏನಾದ್ರೂ ಹೇಳ್ತೀವಿ" ಅಂದಿದ್ವಿ. ಆಯ್ಕೆ ಆದವರಿಗೆ ಮೊದಲ ಶುಕ್ರವಾರ ಆಫರ್ ಹೋಯ್ತು, ಅವರು ಮಂಗಳವಾರ ಸಹಿ ಮಾಡಿ ಕಳ್ಸಿದ್ರು, ಆದ್ರೆ ಅವರಿಗೆ ಹಳೇ ಕಂಪನೀಲಿ ಒಂದು ತಿಂಗಳ ನೋಟಿಸ್ ಇತ್ತು. ಇಲ್ಲೊಂದು ಎಳೆದಾಟ ಇದ್ದೇ ಇರುತ್ತೆ. ಆಫರ್ ಒಪ್ಕೊಂಡವರು ಕೊನೇ ಗಳಿಗೇಲಿ ಬರದೇ ಹೋಗೋದು ನಮ್ಮಲ್ಲಿ ಸಾಮಾನ್ಯ, ಹಾಗಾಗಿ ಅವರು ಬಂದು ಸೀಟಲ್ಲಿ ಕೂರೋ ತನಕ ಎರಡನೆಯವರಿಗೆ ಏನೂ ಹೇಳದೆ ಇಟ್ಕೊಳ್ಳೋಣ ಅಂತ ಸುಮಾರು ಕಂಪನಿಗಳು ಮಾಡ್ತವೆ. ಸರ್ ಕೂಡ ಅದನ್ನೇ ಹೇಳಿದ್ರು.

ನಾನು ಒಪ್ಪಲಿಲ್ಲ. ಆಫರ್‌ಗೆ ಉತ್ತರ ಬರೋ ತನಕ ಕಾಯೋದು ನ್ಯಾಯ, ಯಾಕಂದ್ರೆ ಅಲ್ಲಿ ತನಕ ಎರಡನೆಯವರಿಗೆ ನಿಜವಾಗ್ಲೂ ಅವಕಾಶ ಇದೆ. ಸಹಿ ಬಿದ್ದ ಮೇಲೂ ಒಂದು ತಿಂಗಳು ಸುಮ್ಮನಿರೋದು ಅಂದ್ರೆ ನಮ್ಮ ಅಪಾಯವನ್ನ ಅವರ ತಲೆ ಮೇಲೆ ಹಾಕಿದ ಹಾಗೆ. ಈಗ "ಇಲ್ಲ" ಅಂತ ಸ್ಪಷ್ಟವಾಗಿ ಹೇಳಿದ್ರೂ, ಆ ಆಯ್ಕೆಯಾದವರು ಬರದೇ ಹೋದ್ರೆ ಮತ್ತೆ ಇವರಿಗೆ ಫೋನ್ ಮಾಡಿ ಇದ್ದ ವಿಷಯ ಹೇಳಬಹುದು, ಮರ್ಯಾದೆಯಿಂದ ನಡೆಸ್ಕೊಂಡಿದ್ರೆ ಅವರು ಫೋನ್ ಎತ್ತಾರೆ. ತಿಂಗಳು ಸುಮ್ಮನಿದ್ದವರ ಫೋನ್ ಯಾರು ಎತ್ತಾರೆ? ಹಾಗಾಗಿ ಸಹಿ ಬಂದ ಮಾರನೇ ದಿನ, ಬುಧವಾರ, ಹೇಳಿದ ಗಡುವಿಗಿಂತ ಮೊದಲೇ ಕಳಿಸೋದು ಅಂತಾಯ್ತು.

ಕೊನೇ ರೌಂಡಿಗೆ ಬಂದವರಿಗೆ ಫೋನ್ ಮಾಡಿ ಹೇಳ್ಬೇಕು ಅಂತ ಕೆಲವರು ಹೇಳ್ತಾರೆ, ಅದ್ರಲ್ಲೂ ಅರ್ಥ ಇದೆ. ಆದ್ರೆ ಇವರು ಈಗಾಗ್ಲೇ ಬೇರೆ ಕಡೆ ಕೆಲಸ ಮಾಡ್ತಿರೋರು, ಫೋನ್ ಬಂದಾಗ ಪಕ್ಕದಲ್ಲಿ ಅವರ ಮ್ಯಾನೇಜರೇ ಇರಬಹುದು. ಅಲ್ದೆ ಫೋನಲ್ಲಿ ಕೆಟ್ಟ ಸುದ್ದಿ ಕೇಳಿದವರು ಆ ಕ್ಷಣದಲ್ಲೇ "ಪರವಾಗಿಲ್ಲ ಮೇಡಂ, ಥ್ಯಾಂಕ್ಸ್" ಅಂತ ನಗುನಗ್ತಾ ಹೇಳ್ಬೇಕಾಗುತ್ತೆ. ಮೇಲ್ ಆದ್ರೆ ಅವರ ಹೊತ್ತಲ್ಲಿ ಓದ್ಕೋತಾರೆ, ಫೀಡ್‌ಬ್ಯಾಕ್ ಎರಡನೇ ಸಲ ಓದೋಕೂ ಸಿಗುತ್ತೆ. ಹಾಗಾಗಿ ಪರ್ಸನಲ್ ಐಡಿಗೆ ಮೇಲ್, ಬೇಕಂದ್ರೆ ಅವರೇ ಫೋನ್ ಮಾಡೋಕೆ ಒಂದು ಸಮಯ. ಸಬ್ಜೆಕ್ಟ್ ಲೈನ್‌ನಲ್ಲಿ ಫಲಿತಾಂಶ ಹಾಕ್ಲಿಲ್ಲ, ಮೊಬೈಲ್ ಸ್ಕ್ರೀನ್ ಮೇಲೆ ನೋಟಿಫಿಕೇಶನ್ ಬಂದಾಗ ಪಕ್ಕದವರೂ ಓದ್ತಾರೆ. ಹಾಗಂತ "ಒಂದು ಅಪ್‌ಡೇಟ್" ಅಂತ ಕುತೂಹಲ ಹುಟ್ಟಿಸೋದೂ ಬೇಡ.

ಕೊನೆಗೆ ಹೋದ ಮೇಲ್

ಸಬ್ಜೆಕ್ಟ್: ಸಪೋರ್ಟ್ ಹುದ್ದೆಯ ಇಂಟರ್‌ವ್ಯೂ ಬಗ್ಗೆ ನಮ್ಮ ನಿರ್ಧಾರ

"(ಹೆಸರು) ಅವರಿಗೆ ನಮಸ್ಕಾರ,

ಕಳೆದ ಬುಧವಾರ ಹಾವೇರಿಯಿಂದ ಬಂದು ನಮ್ಮ ಜೊತೆ ಅರ್ಧ ದಿನ ಕಳೆದಿದ್ದಕ್ಕೆ ಧನ್ಯವಾದ. ಈ ಹುದ್ದೆಗೆ ನಾವು ಬೇರೆಯವರನ್ನು ಆಯ್ಕೆ ಮಾಡಿದ್ದೇವೆ, ಅವರು ಒಪ್ಪಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಅರ್ಜಿ ಇಲ್ಲಿಗೆ ಮುಗಿದಿದೆ. ಇದ್ದದ್ದು ಒಂದೇ ಹುದ್ದೆ.

ನಿಮಗೆ ಉಪಯೋಗ ಆಗಬಹುದು ಅಂತ, ನಾವು ಗಮನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಯದರ್ಶಿಗೆ ನೀವು ಬರೆದ ಮೆಸೇಜ್ ತುಂಬಾ ಚೆನ್ನಾಗಿತ್ತು. ಯಾರನ್ನೂ ದೂರದೆ, ಮುಂದೆ ಏನು ಮಾಡಬೇಕು ಅಂತ ನಾಲ್ಕೇ ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿದ್ದಿರಿ. 4,500 ಅಂದ ಕೂಡಲೇ ಅಂಕಿ ಅದಲುಬದಲಾಗಿರಬಹುದು ಅಂತ ಹೊಳೆದದ್ದೂ ಒಳ್ಳೆಯ ಲಕ್ಷಣ.

ಕಾಲ್ ಟೆಸ್ಟ್‌ನಲ್ಲಿ ಎರಡು ವಿಷಯ ನಿರ್ಧಾರಕ್ಕೆ ಕಾರಣವಾದವು. ಒಂದು, ಇವತ್ತಿನ ವೋಚರ್ ಹುಡುಕುವ ಮೊದಲು ನಿನ್ನೆಯ ಕ್ಲೋಸಿಂಗ್ ಮತ್ತು ಇವತ್ತಿನ ಓಪನಿಂಗ್ ಒಂದೇ ಇದೆಯಾ ಅಂತ ಕೇಳಲಿಲ್ಲ. ಆ ವ್ಯತ್ಯಾಸ ಇದ್ದದ್ದು ಅಲ್ಲೇ. ಇನ್ನೊಂದು, ಕಾಗದದ ವೋಚರ್ ನೋಡದೆ 2,700ರ ಎಂಟ್ರಿ ಕ್ಯಾನ್ಸಲ್ ಮಾಡಲು ಹೇಳಿದಿರಿ. ಅದರಿಂದ ಸದಸ್ಯರ ಖಾತೆಯೇ ಬದಲಾಗುತ್ತದೆ, ಆದ್ದರಿಂದ ಈ ಕೆಲಸದಲ್ಲಿ ನಾವು ಅದಕ್ಕೆ ಹೆಚ್ಚು ತೂಕ ಕೊಡುತ್ತೇವೆ. ಇವೆರಡೂ ಅಭ್ಯಾಸದಿಂದ ಬರುವಂಥವು.

ಇದರ ಬಗ್ಗೆ ಮಾತಾಡಬೇಕು ಅನಿಸಿದರೆ ಈ ವಾರ ಯಾವುದಾದರೂ ದಿನ ಸಂಜೆ 6ರ ಮೇಲೆ ಫೋನ್ ಮಾಡಿ, ಹತ್ತು ನಿಮಿಷ ಮಾತಾಡೋಣ. ನಿಮ್ಮ ಬಯೋಡೇಟಾ ಮಾರ್ಚ್ 31ರ ತನಕ ಇಟ್ಟುಕೊಳ್ಳಲೇ ಅಥವಾ ಈಗಲೇ ಅಳಿಸಿಹಾಕಲೇ ಅಂತ ಒಂದು ಸಾಲು ತಿಳಿಸಿ. ಬಸ್ ಚಾರ್ಜಿನ ಹಣ ಇವತ್ತೇ ನಿಮ್ಮ ಖಾತೆಗೆ ಬರುತ್ತದೆ."

ಕೆಳಗೆ ನನ್ನ ಹೆಸರು, ನನ್ನ ನಂಬರ್. ಉತ್ತರ ಬರೆದ್ರೆ ಯಾರಿಗೂ ಮುಟ್ಟದ ಐಡಿಯಿಂದ ಕಳಿಸ್ಲಿಲ್ಲ.

ನಿರ್ಧಾರ ಎರಡನೇ ವಾಕ್ಯಕ್ಕೇ ಬಂದಿದೆ, "ಸದ್ಯಕ್ಕೆ" ಇಲ್ಲ. ಒಂದು ವಾಕ್ಯದ ಬಗ್ಗೆ ನಮ್ಮಲ್ಲಿ ಚರ್ಚೆ ಆಯ್ತು, "ನಿಮ್ಮ ಅರ್ಜಿ ಇಲ್ಲಿಗೆ ಮುಗಿದಿದೆ" ಅನ್ನೋದು ಗಡುಸಾಯ್ತು ಅಂತ ಲೀಡ್ ಅಂದ್ರು. ನಾನು ಉಳಿಸ್ಕೊಂಡೆ, ಅದಿಲ್ಲದೆ ಹೋದ್ರೆ ವೇಟಿಂಗ್ ಲಿಸ್ಟ್‌ನಲ್ಲಿ ಇದ್ದೀನಾ ಅನ್ನೋ ಪ್ರಶ್ನೆ ಉಳಿಯುತ್ತೆ. ಆಯ್ಕೆಯಾದವರು ಏನು ಮಾಡಿದ್ರು ಅಂತ ಬರೀಲಿಲ್ಲ, ಅದು ಇನ್ನೊಬ್ಬರ ಇಂಟರ್‌ವ್ಯೂ, ಮತ್ತೆ ಹೋಲಿಕೆ ಶುರುವಾದ್ರೆ ಮಾತು ವಾದಕ್ಕೆ ತಿರುಗುತ್ತೆ. ಮೌನದ ವಿಷಯ ಬಿಟ್ವಿ, ಅದು ಮೊದಲನೇ ವಿಷಯದ ಫಲ ಅಷ್ಟೇ. ಎರಡಕ್ಕಿಂತ ಜಾಸ್ತಿ ಕೊರತೆ ಬರೆದ್ರೆ ಓದೋರಿಗೆ ಉಳಿಯೋದು ಒಂದೂ ಇಲ್ಲ, ಬೈಸ್ಕೊಂಡ ನೆನಪು ಮಾತ್ರ. ಹೊಗಳಿಕೆನೂ ನಿಜವಾಗಿ ನಡೆದದ್ದರ ಮೇಲೇ ಇರಬೇಕು, "ಪ್ರತಿಭಾವಂತರು" ಅನ್ನೋ ಪದ ನಾಲ್ಕೂ ಜನಕ್ಕೆ ಹೊಂದುತ್ತೆ, ನಾಲ್ಕು ಸಾಲಿನ ಮೆಸೇಜ್ ಇವರೊಬ್ಬರದ್ದೇ.

ಬಯೋಡೇಟಾ ಇಟ್ಕೊಳ್ಳಲಾ ಅಂತ ಕೇಳಿದ್ದು ಯಾಕಂದ್ರೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಮೇಲೆ ಯಾವ ಕೆಲಸಕ್ಕೆ ಮಾಹಿತಿ ತಗೊಂಡ್ವೋ ಆ ಕೆಲಸ ಮುಗಿದ ಮೇಲೂ ಸುಮ್ಮನೆ ಇಟ್ಕೊಳ್ಳೋದು ಸರಿ ಅಲ್ಲ. ಕಾಯ್ದೆ ಬಿಡಿ, ಕೇಳಿ ಇಟ್ಕೊಂಡ್ರೆ "ನಿಮ್ಮ ಬಯೋಡೇಟಾ ನಮ್ಮಲ್ಲಿದೆ" ಅನ್ನೋ ಮಾತಿಗೆ ಒಂದು ಅರ್ಥ ಬರುತ್ತೆ.

ಉಳಿದವರಿಗೆ

ಕೊನೇ ರೌಂಡಿನ ಇನ್ನಿಬ್ಬರಲ್ಲಿ ಒಬ್ಬರು ಕೇಳಿದ ಸಂಬಳ ನಮ್ಮ ಬಜೆಟ್‌ಗೆ ಹೊಂದ್ತಿರ್ಲಿಲ್ಲ, ಅದನ್ನೇ ಹಾಗೇ ಬರೆದ್ವಿ. ಇನ್ನೊಬ್ಬರ ಹಾಳೇಲಿ ಎಷ್ಟು ಕೆದಕಿದ್ರೂ ಪ್ಯಾನೆಲ್‌ನವರಿಗೆ ಒಂದು ನಿರ್ದಿಷ್ಟ ಘಟನೆ ನೆನಪಾಗಲಿಲ್ಲ, "ಒಟ್ಟಾರೆ ಸಾಧಾರಣ" ಅಂತ ಅಷ್ಟೇ. ಅವರಿಗೆ ನಿರ್ಧಾರ ಮತ್ತು ಧನ್ಯವಾದ ಮಾತ್ರ ಹೋಯ್ತು, ಫೀಡ್‌ಬ್ಯಾಕ್ ಹೋಗ್ಲಿಲ್ಲ. ಆಧಾರ ಇಲ್ಲದೆ ಏನೋ ಒಂದು ಕಟ್ಟಿ ಬರೆದ್ರೆ ಅವರು ಅದನ್ನ ನಂಬಿ ತಿದ್ಕೊಳ್ಳೋಕೆ ಹೊರಡ್ತಾರೆ, ಅದು ಏನೂ ಬರೆಯದೇ ಇರೋದಕ್ಕಿಂತ ಕೆಟ್ಟದ್ದು. ಫೋನ್ ರೌಂಡಲ್ಲೇ ನಿಂತವರಿಗೆ ಎರಡು ಸಾಲಿನ ಮೇಲ್, ಆದ್ರೆ ಪ್ರತಿಯೊಬ್ಬರಿಗೂ ಅವರ ಹೆಸರಲ್ಲಿ.

ಬಂದ ಉತ್ತರ

ಅವತ್ತು ರಾತ್ರಿನೇ ಉತ್ತರ ಬಂತು. ಥ್ಯಾಂಕ್ಸ್ ಹೇಳಿ, ಆಮೇಲೆ ಎರಡು ಪ್ರಶ್ನೆ. "ಮೇಡಂ, ಮಾರ್ಚ್ ಎಂಡ್‌ನಲ್ಲಿ ಊರೂರು ಸುತ್ತೋದಕ್ಕೆ ಸ್ವಲ್ಪ ಯೋಚನೆ ಮಾಡ್ಬೇಕು ಅಂದಿದ್ದೆ, ಅದಕ್ಕೇನಾದ್ರೂ ಹೀಗಾಯ್ತಾ? ಇನ್ನೊಂದು ಅವಕಾಶ ಕೊಟ್ರೆ ಕಾಲ್ ಟೆಸ್ಟ್ ಮತ್ತೆ ಮಾಡ್ತೀನಿ."

ಇಂಥ ಉತ್ತರಕ್ಕೆ ಹೆದರಿಯೇ ಎಷ್ಟೋ ಜನ ಫೀಡ್‌ಬ್ಯಾಕ್ ಕೊಡಲ್ಲ, ಮಾತು ಬೆಳೆಯುತ್ತೆ ಅಂತ. ಬೆಳೆಯೋದು ಕಾರಣ ಮಸುಕಾಗಿದ್ದಾಗ. ಪೆನ್ಸಿಲ್ ಸಾಲನ್ನ ಮೊದಲೇ ಇತ್ಯರ್ಥ ಮಾಡ್ಕೊಂಡಿದ್ರಿಂದ ಮೊದಲನೇ ಪ್ರಶ್ನೆಗೆ ನಾನು ಕಣ್ಣು ತಪ್ಪಿಸದೆ ಬರೆಯೋಕಾಯ್ತು: "ಇಲ್ಲ, ಪ್ರವಾಸದ ವಿಷಯ ನಿರ್ಧಾರಕ್ಕೆ ಕಾರಣ ಅಲ್ಲ. ಕಾರಣ ಮೇಲ್‌ನಲ್ಲಿ ಬರೆದ ಎರಡೇ. ಈ ಹುದ್ದೆ ಭರ್ತಿಯಾಗಿದೆ, ಆದ್ದರಿಂದ ಈಗ ಮತ್ತೆ ಟೆಸ್ಟ್ ಮಾಡಿದರೂ ಫಲಿತಾಂಶ ಬದಲಾಗುವುದಿಲ್ಲ. ಮುಂದೆ ಹುದ್ದೆ ಬಂದು ನೀವು ಅರ್ಜಿ ಹಾಕಿದರೆ ಹೊಸ ಟೆಸ್ಟೇ ಇರುತ್ತದೆ, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ." ಅಷ್ಟೇ. ಸಮಾಧಾನಕ್ಕೆ ಅಂತ ಇನ್ನೊಂದು ಸಾಲು ಸೇರಿಸಿದ್ರೆ ಮತ್ತೆ ಬಾಗಿಲು ಅರ್ಧ ತೆರೆದ ಹಾಗೆ ಕಾಣುತ್ತೆ.

ಮಾರನೇ ದಿನ ಸಂಜೆ ಫೋನ್ ಮಾಡಿದ್ರು. ಸಪೋರ್ಟ್ ಲೀಡ್‌ನ ಕೂರಿಸ್ಕೊಂಡೆ. ಬ್ಯಾಕ್ ಡೇಟ್ ಎಂಟ್ರಿ ಆದಾಗ ಲಾಗ್‌ನಲ್ಲಿ ಎಲ್ಲಿ ಕಾಣುತ್ತೆ ಅಂತ ಕೇಳಿದ್ರು, ಅವರು ಈಗ ಕೆಲಸ ಮಾಡೋ ಕಡೆ ಸಾಫ್ಟ್‌ವೇರ್ ಬೇರೆ, ಆದ್ರೂ ಎಂಟ್ರಿ ತಾರೀಖು ಮತ್ತೆ ಎಂಟ್ರಿ ಮಾಡಿದ ಸಮಯ ಎರಡೂ ಪಕ್ಕಪಕ್ಕ ಇರೋ ರಿಪೋರ್ಟ್ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತೆ, ಅದನ್ನ ಹುಡುಕಿ ಅಂತ ಲೀಡ್ ಹೇಳಿದ್ರು. ಬಯೋಡೇಟಾ ಇಟ್ಕೊಳ್ಳಿ ಅಂದ್ರು, ಶೀಟ್‌ನಲ್ಲಿ ಮಾರ್ಚ್ 31 ಅಂತ ಹಾಕ್ಕೊಂಡೆ.

ಇದಾದ ಮೇಲೆ ಪ್ಯಾನೆಲ್ ಹಾಳೇಲಿ "ಕಮ್ಯುನಿಕೇಶನ್", "ಆಟಿಟ್ಯೂಡ್" ಅಂತ ಇದ್ದ ಕಾಲಂ ತೆಗೆದು, "ಅಭ್ಯರ್ಥಿ ಏನು ಹೇಳಿದ್ರು, ಏನು ಮಾಡಿದ್ರು" ಅಂತ ಒಂದೇ ಅಗಲವಾದ ಕಾಲಂ ಮಾಡಿದ್ದೀನಿ, ಅಭ್ಯರ್ಥಿ ಆಚೆ ಹೋದ ಹತ್ತು ನಿಮಿಷದ ಒಳಗೆ ತುಂಬಬೇಕು, ತುಂಬದೆ ಮುಂದಿನವರನ್ನ ಒಳಗೆ ಕರೆಯೋ ಹಾಗಿಲ್ಲ.